ಕೋಷ್ಟಕದ ಮೂಲೆಯಲ್ಲಿ 2, ಕೈಗೆ ಬಂದ ಜೋಡಣೆಯ ಅಂಕ 0: ಟ್ರೇಸ್‌ಬ್ಯಾಕ್‌ನಲ್ಲಿ ಏನು ತಪ್ಪಿದೆ?

ತುಂಗಭದ್ರಾ_ತೀರ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಓದುತ್ತಿದ್ದು, ಎರಡು ಡಿಎನ್‌ಎ ಸರಣಿಗಳನ್ನು ಪೂರ್ತಿ ಉದ್ದಕ್ಕೂ ಜೋಡಿಸುವ ನೀಡಲ್‌ಮನ್–ವುನ್ಶ್ ವಿಧಾನವನ್ನು ಕಾಗದದ ಮೇಲೆ ಮಾಡಿ ನೋಡುತ್ತಿದ್ದೇನೆ. ಸರಣಿಗಳು ATGCT ಮತ್ತು AGCT. ಅಕ್ಷರ ಹೊಂದಿದರೆ +1, ಹೊಂದದಿದ್ದರೆ -1, ಪ್ರತಿ ಗ್ಯಾಪ್‌ಗೆ -2 ಎಂದು ಇಟ್ಟುಕೊಂಡಿದ್ದೇನೆ. ತುಂಬಿದ ಕೋಷ್ಟಕ ಹೀಗಿದೆ:

```
          A    T    G    C    T
     0   -2   -4   -6   -8  -10
A   -2    1   -1   -3   -5   -7
G   -4   -1    0    0   -2   -4
C   -6   -3   -2   -1    1   -1
T   -8   -5   -2   -3   -1    2
```

ಬಲಗಡೆಯ ಕೆಳಮೂಲೆಯಿಂದ ಹಿಂದಕ್ಕೆ ಬರುವಾಗ ಎಡ, ಮೇಲೆ, ಕರ್ಣ ಈ ಮೂರು ಮನೆಗಳಲ್ಲಿ ಯಾವುದರಲ್ಲಿ ದೊಡ್ಡ ಸಂಖ್ಯೆ ಇದೆಯೋ ಅಲ್ಲಿಗೆ ಹೋದೆ. ನನಗೆ ದೊರೆತದ್ದು ಇದು:

```
A T G C T
A G - C T
```

ಇದನ್ನು ಎಣಿಸಿದರೆ 1 - 1 - 2 + 1 + 1, ಅಂದರೆ 0 ಬರುತ್ತದೆ. ಮೂಲೆಯಲ್ಲಿ ಮಾತ್ರ 2 ಇದೆ. ಕೋಷ್ಟಕವನ್ನು ಮತ್ತೆ ತುಂಬಿ ನೋಡಿದರೂ ಅದೇ ಸಂಖ್ಯೆಗಳು ಬರುತ್ತಿವೆ.

ಸಿಂಧನೂರು_ಹೊಲ

ಮೇಡಂ, ಮೊದಲ ಸಾಲಿನಲ್ಲಿಯೇ ಇಷ್ಟೊಂದು ಋಣ ಸಂಖ್ಯೆಗಳಿರುವುದೇ ತೊಂದರೆ ಎಂದು ನನಗೆ ತೋರುತ್ತದೆ. ನಾನು ಮೆಣಸಿನಕಾಯಿ ಎಲೆ ಮುರುಟು ರೋಗದ ವೈರಸ್ಸಿನ ಸುಮಾರು 2,700 ಅಕ್ಷರಗಳ ಸರಣಿಯ ಮೇಲೆ 20 ಅಕ್ಷರಗಳ ಪ್ರೈಮರ್ ಒಂದನ್ನು ಹೀಗೆಯೇ ಜೋಡಿಸಲು ಹೋದಾಗ ಅಂಕ ಋಣ ಐದು ಸಾವಿರಕ್ಕಿಂತಲೂ ಕೆಳಗೆ ಇಳಿಯಿತು. ಅಂಚಿನಲ್ಲೆಲ್ಲ ಸೊನ್ನೆ ತುಂಬಿದರೆ ಸರಿಹೋಗುವುದಿಲ್ಲವೇ?

ಬಳ್ಳಾರಿ_ಕೋಡು

ಅಂಚಿನ ಸಾಲು ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಹಿಂದಕ್ಕೆ ಬರುವಾಗ ಅಡ್ಡ ಮತ್ತು ಉದ್ದದ ಅಕ್ಷರಗಳು ಒಂದೇ ಆಗಿದ್ದರೆ ಕರ್ಣದಲ್ಲಿ ಹೋಗಬೇಕು, ಅಷ್ಟೇ ನಿಯಮ. ನೀವು G ಸಾಲಿನ G ಮನೆಯಿಂದ ಎಡಕ್ಕೆ ತಿರುಗಿದ್ದೀರಿ, ಅಲ್ಲಿಯೇ ದಾರಿ ತಪ್ಪಿದೆ. ಕೋಷ್ಟಕ ಸರಿಯಿದೆಯೇ ಎಂದು ತಾಳೆ ನೋಡಲು ಇದನ್ನು ಓಡಿಸಿ, 2.0 ಬರಬೇಕು:

```python
from Bio.Align import PairwiseAligner
a = PairwiseAligner()
a.mode = "global"
a.match_score = 1
a.mismatch_score = -1
a.gap_score = -2
print(a.score("ATGCT", "AGCT"))
```

ಕೊಪ್ಪಳ_ಮೇಷ್ಟ್ರು

ಬಳ್ಳಾರಿಯವರು ತಪ್ಪಿದ ಜಾಗವನ್ನು ಸರಿಯಾಗಿ ಹಿಡಿದಿದ್ದಾರೆ, ಆದರೆ ಕಾರಣವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ತಂಗಿ, ನಿನ್ನ ಕೋಷ್ಟಕದಲ್ಲಿ ಒಂದು ಸಂಖ್ಯೆಯೂ ತಪ್ಪಿಲ್ಲ. ಟ್ರೇಸ್‌ಬ್ಯಾಕ್‌ನಲ್ಲಿ ಕೇಳಬೇಕಾದ ಪ್ರಶ್ನೆ "ಪಕ್ಕದ ಯಾವ ಮನೆ ದೊಡ್ಡದು" ಎಂಬುದಲ್ಲ, "ಈ ಮನೆಯ ಸಂಖ್ಯೆ ಯಾವ ಮನೆಯಿಂದ ಹುಟ್ಟಿತು" ಎಂಬುದು.

G ಸಾಲಿನ G ಮನೆಯಲ್ಲಿ 0 ಇದೆ. ಅದನ್ನು ತುಂಬುವಾಗ ನಿನ್ನ ಮುಂದೆ ಮೂರು ಲೆಕ್ಕಗಳಿದ್ದವು. ಕರ್ಣದ ಮನೆಯ -1 ಕ್ಕೆ ಹೊಂದಿಕೆಯ 1 ಸೇರಿದರೆ 0. ಮೇಲಿನ -3 ರಿಂದ ಗ್ಯಾಪ್‌ನ 2 ಕಳೆದರೆ -5. ಎಡದ 0 ಯಿಂದ 2 ಕಳೆದರೆ -2. ಉಳಿದುಕೊಂಡದ್ದು ಕರ್ಣದ ಲೆಕ್ಕ. ಹಿಂದಕ್ಕೆ ಬರುವಾಗ ಎಡದ ಮನೆಯಲ್ಲಿ 0, ಕರ್ಣದಲ್ಲಿ -1 ಇರುವುದನ್ನು ಕಂಡು ನೀನು ಎಡಕ್ಕೆ ಹೋದೆ. ಎಡದ ಆ 0 ಸುಳ್ಳಲ್ಲ. AT ಮತ್ತು AG ಎಂಬ ತುಣುಕುಗಳನ್ನು ಜೋಡಿಸಿದರೆ ಸಿಗುವ ಅತಿ ಹೆಚ್ಚಿನ ಅಂಕ ಅದೇ. ಆದರೆ ಅಲ್ಲಿಂದ ಈ ಮನೆಗೆ ಬರಬೇಕಾದರೆ ಮೇಲಿನ ಸರಣಿಯ G ಯನ್ನು ಗ್ಯಾಪ್‌ಗೆ ಎದುರಾಗಿ ಇಡಬೇಕು, ಅದಕ್ಕೆ 2 ಅಂಕ ತೆರಬೇಕು. ಮನೆಯಲ್ಲಿ ಬರೆದಿರುವುದು ಅಲ್ಲಿಯವರೆಗಿನ ಗಳಿಕೆ ಮಾತ್ರ, ಅಲ್ಲಿಂದ ಮುಂದಿನ ಹೆಜ್ಜೆಯ ಖರ್ಚು ಅದರೊಳಗೆ ಸೇರಿಲ್ಲ. ನಿನ್ನ ಮೂಲೆಯ 2 ಕ್ಕೂ ಜೋಡಣೆಯ 0 ಗೂ ಇರುವ ಅಂತರ ಸರಿಯಾಗಿ ಆ ಮನೆಯ 0 ಮತ್ತು -2 ರ ನಡುವಿನ ಅಂತರವೇ ಆಗಿರುವುದನ್ನು ಗಮನಿಸು.

ಈಗ ಮೊದಲಿನಿಂದ ನಡೆಯೋಣ. ಮೂಲೆಯ 2 ಕರ್ಣದ 1 ರಿಂದ ಬಂದಿದೆ, ಆ 1 ಕರ್ಣದ 0 ಯಿಂದ, ಆ 0 ಕರ್ಣದ -1 ರಿಂದ. ಈ -1 ಇರುವುದು A ಸಾಲಿನಲ್ಲಿ, ಮೊದಲನೆಯ T ಯ ಕೆಳಗೆ. ಇಲ್ಲಿ ಅಕ್ಷರಗಳು ಬೇರೆ ಬೇರೆಯಾಗಿರುವುದರಿಂದ ಬಳ್ಳಾರಿಯವರ ನಿಯಮ ಬಾಯಿ ಮುಚ್ಚಿಕೊಳ್ಳುತ್ತದೆ. ಕರ್ಣದಿಂದ -2 - 1 ಅಂದರೆ -3, ಮೇಲಿನಿಂದ -4 - 2 ಅಂದರೆ -6, ಎಡದಿಂದ 1 - 2 ಅಂದರೆ -1. ಹೀಗಾಗಿ ಎಡಕ್ಕೆ ಹೋಗಬೇಕು, T ಗ್ಯಾಪ್‌ಗೆ ಎದುರಾಗುತ್ತದೆ. ಕೊನೆಗೆ 1 ರಿಂದ ಕರ್ಣದ 0 ಗೆ.

```
A T G C T
A - G C T
```

ನಾಲ್ಕು ಹೊಂದಿಕೆ, ಒಂದು ಗ್ಯಾಪ್: 4 - 2 = 2. ಮೂಲೆಯ ಸಂಖ್ಯೆಗೆ ಜೋಡಣೆಯ ಅಂಕ ಸರಿಹೊಂದದಿದ್ದರೆ ಒಂದೋ ಕೋಷ್ಟಕ ತಪ್ಪು, ಇಲ್ಲವೇ ದಾರಿ ತಪ್ಪು. ನೀನು ಮಾಡಿದ ಆ ಎಣಿಕೆಯನ್ನು ಯಾವತ್ತೂ ಬಿಡಬೇಡ. ಜೊತೆಗೆ, ಮನೆಯನ್ನು ತುಂಬುವಾಗಲೇ ಬಾಣವನ್ನೂ ಗುರುತು ಹಾಕಿಕೊಂಡರೆ ಆಮೇಲೆ ಮತ್ತೆ ಲೆಕ್ಕ ಹಾಕುವ ಕೆಲಸವಿರುವುದಿಲ್ಲ.

ಸಿಂಧನೂರಿನವರೇ, ನಿಮ್ಮದು ಬೇರೆಯದೇ ಪ್ರಶ್ನೆ. 20 ಅಕ್ಷರಗಳು ಪೂರ್ತಿ ಹೊಂದಿದರೂ ಮಿಕ್ಕ 2,680 ಅಕ್ಷರಗಳಿಗೆ ಗ್ಯಾಪ್ ತೆರಬೇಕಾದ್ದರಿಂದ ಇದೇ ಅಂಕಗಳಲ್ಲಿ -5,340 ರ ಮೇಲೆ ಏರುವುದು ಸಾಧ್ಯವೇ ಇಲ್ಲ. ವೈರಸ್ ಸರಣಿಯ ಎರಡೂ ತುದಿಗಳ ಗ್ಯಾಪ್‌ಗೆ ದಂಡ ಹಾಕಬೇಡಿ. ಅಂದರೆ ವೈರಸ್ಸಿನ ಅಕ್ಷರಗಳನ್ನು ಮೇಲ್ಗಡೆ ಬರೆದಿದ್ದರೆ ಮೊದಲ ಅಡ್ಡಸಾಲಿಗೆ ಮಾತ್ರ ಸೊನ್ನೆ ತುಂಬಿ, ಮೂಲೆಯ ಬದಲು ಕೊನೆಯ ಅಡ್ಡಸಾಲಿನಲ್ಲಿ ಎಲ್ಲಿ ದೊಡ್ಡ ಸಂಖ್ಯೆ ಇದೆಯೋ ಅಲ್ಲಿಂದ ಹಿಂದಕ್ಕೆ ಬನ್ನಿ. ಈ ತಂಗಿಯ ಲೆಕ್ಕಕ್ಕೆ ಆ ಸೊನ್ನೆಗಳು ಬೇಡ.

ಬಳ್ಳಾರಿ_ಕೋಡು

ಮೇಷ್ಟ್ರೇ, ಅಕ್ಷರ ಹೊಂದಿದ ಮನೆಯಲ್ಲಾದರೂ ನನ್ನ ನಿಯಮ ತಪ್ಪುವುದಿಲ್ಲವಲ್ಲ?

ಕೊಪ್ಪಳ_ಮೇಷ್ಟ್ರು

ಪ್ರತಿ ಗ್ಯಾಪ್‌ಗೂ ಒಂದೇ ದರವಿರುವ ಈ ಲೆಕ್ಕದಲ್ಲಿ ತಪ್ಪುವುದಿಲ್ಲ, ಒಪ್ಪಿದೆ. ಗ್ಯಾಪ್ ತೆರೆಯಲು ಒಂದು ದರ, ಮುಂದುವರಿಸಲು ಇನ್ನೊಂದು ದರ ಇಟ್ಟಾಗ ಮಾತ್ರ ಅದನ್ನು ನಂಬಬೇಡಿ. ಗೊಟೊ 1982ರಲ್ಲಿ ತೋರಿಸಿದ ಆ ಲೆಕ್ಕಕ್ಕೆ ಮೂರು ಕೋಷ್ಟಕಗಳು ಬೇಕು. ಹಿಂದಕ್ಕೆ ಬರುವಾಗ ನೀವು ಗ್ಯಾಪ್‌ನ ಕೋಷ್ಟಕದೊಳಗೆ ಇದ್ದರೆ, ಅಕ್ಷರಗಳು ಹೊಂದಿದ್ದರೂ ಬಾಣ ಹೇಳಿದ ಕಡೆಗೇ ಹೋಗಬೇಕು.

ತುಂಗಭದ್ರಾ_ತೀರ (ರಾಯಚೂರು)

ಬಾಣಗಳನ್ನು ಹಾಕಿ ನೋಡಿದೆ, 2 ಬಂದಿದೆ, ಧನ್ಯವಾದಗಳು ಸರ್. ಬಾಣ ಹಾಕುವಾಗ C ಸಾಲಿನಲ್ಲಿ ಮೊದಲ T ಯ ಕೆಳಗಿನ -2 ಕ್ಕೆ ಕರ್ಣದಿಂದಲೂ ಮೇಲಿನಿಂದಲೂ ಎರಡು ಬಾಣಗಳು ಬಂದವು. ಅದು ದಾರಿಯಲ್ಲಿರಲಿಲ್ಲ. ಆದರೆ AGGT ಮತ್ತು AGT ತೆಗೆದುಕೊಂಡರೆ ದಾರಿಯಲ್ಲಿಯೇ ಎರಡು ಬಾಣಗಳು ಸಿಗುತ್ತವೆ: A-GT ಮತ್ತು AG-T, ಎರಡಕ್ಕೂ ಅಂಕ 1. ಯಾವುದನ್ನು ಬರೆಯಬೇಕು?

ಕೊಪ್ಪಳ_ಮೇಷ್ಟ್ರು

ಎರಡನ್ನೂ ಬರೆ. ಎರಡು G ಗಳಲ್ಲಿ ಯಾವುದು ಕಳೆದುಹೋಯಿತೆಂದು ಈ ಅಂಕಗಳು ಹೇಳಲಾರವು.

ಬಳ್ಳಾರಿ_ಕೋಡು

ಪರೀಕ್ಷೆಯಲ್ಲಿ ಎರಡನ್ನೂ ಬರೆಯಬಹುದು, ಫೈಲಿನಲ್ಲಿ ಒಂದನ್ನೇ ಬರೆಯಬೇಕಲ್ಲ. VCF ಫೈಲ್‌ಗಳನ್ನು ಹೊಂದಿಸುವಾಗ ಗ್ಯಾಪ್ ಅನ್ನು ಆದಷ್ಟು ಎಡಕ್ಕೆ ತಳ್ಳುವ ರೂಢಿಯಿದೆ, ಹಾಗಾಗಿ ನಾನಾದರೆ A-GT ಬರೆಯುತ್ತೇನೆ.

ಕೊಪ್ಪಳ_ಮೇಷ್ಟ್ರು

HGVS ಹೆಸರಿಡುವ ಕ್ರಮದಲ್ಲಿ ಅದನ್ನೇ 3' ತುದಿಯ ಕಡೆಗೆ, ಅಂದರೆ ಆದಷ್ಟು ಬಲಕ್ಕೆ ತಳ್ಳಬೇಕು. ಅಲ್ಲಿ AG-T ಆಗುತ್ತದೆ. ಎರಡೂ ರೂಢಿಗಳು ಇಂದಿಗೂ ಚಾಲ್ತಿಯಲ್ಲಿವೆ. ತಂಗಿ, ನಿನ್ನ ಉತ್ತರವನ್ನು ಓದುವವರು ಯಾವುದನ್ನು ಬಳಸುತ್ತಾರೆಂದು ಮೊದಲು ಕೇಳಿಕೋ.