ಪದ ಬೇಕು: ಸಣ್ಣ ಮಾಡೆಲ್ ಮಾಡುವ ಪರೀಕ್ಷೆಗೆ ಒಂದು, ದೊಡ್ಡದು ಕೊಡುವ ತೀರ್ಪಿಗೆ ಇನ್ನೊಂದು

ಸುಳಿಗಾಳಿ ಬರೆದದ್ದು:

ನಮಸ್ಕಾರ. ಸೋಮವಾರದೊಳಗೆ ಒಂದು ಕೈಪಿಡಿ ಕನ್ನಡಕ್ಕೆ ತಂದು ಕೊಡಬೇಕು, ಎರಡು ಪದಕ್ಕೆ ಕೆಲಸ ನಿಂತಿದೆ. ರೈತರ ಪ್ರಶ್ನೆಗೆ ಚಾಟ್‌ಬಾಟ್ ಒಂದು ಕನ್ನಡದಲ್ಲಿ ಉತ್ತರ ಬರೆಯುತ್ತದೆ. ಉತ್ತರ ಹೇಗಿದೆ ಅಂತ ಬೇರೆ ಎಐ ಮಾಡೆಲ್‌ಗಳು ನೋಡುತ್ತವೆ. ನೋಡಬೇಕಾದ್ದು ಆರು: ಉದ್ದ, ಅಂಕಿ, ಅಳತೆ (ಎಕರೆ, ಗುಂಟೆ, ಕೆಜಿ), ಗೌರವ, ಧಾಟಿ, ಓದಲು ಸಹಜವಾಗಿದೆಯಾ ಅನ್ನೋದು. ಸುಲಭವಾದವನ್ನು ಸಣ್ಣ ಮಾಡೆಲ್‌ಗೆ, ಅಭಿಪ್ರಾಯ ಬೇಕಾದವನ್ನು ದೊಡ್ಡದಕ್ಕೆ ಕೊಟ್ಟು ಖರ್ಚು ಇಳಿಸುವುದು ಅಂತ ಕೈಪಿಡಿ ಹೇಳುತ್ತದೆ. ನಾನು 'ವಸ್ತುನಿಷ್ಠ', 'ವ್ಯಕ್ತಿನಿಷ್ಠ' ಅಂತ ಹಾಕಿದ್ದೆ. ತಂಡದವರು ಓದಿ ನಕ್ಕರು. ಇನ್ನು ಮಾಡೆಲ್‌ಗೆ 'ಮಾದರಿ' ಅಂತೂ ಆಗಲ್ಲ, ಏಕೆಂದರೆ ಅದೇ ಕೈಪಿಡಿಯಲ್ಲಿ 'ಇನ್ನೂರು ಉತ್ತರಗಳ ಮಾದರಿ ಆರಿಸಿ' ಅಂತಲೂ ಇದೆ. ಸಾಲೊಂದರಲ್ಲಿ 'ಮಾದರಿಯ ಮಾದರಿ' ಅಂತ ಬಂತು.

ಅಚ್ಚಗನ್ನಡ:

ಒರೆ. ಬಂಗಾರವನ್ನು ಒರೆಗೆ ಹಚ್ಚುತ್ತೇವೆ, ಒರೆಗಲ್ಲು ಇದೆ, ತಮಿಳಿನಲ್ಲೂ ಉರೈಕಲ್ ಇದೆ. ಕಿರುಒರೆ, ಹಿರಿಒರೆ. ಮುಗಿಯಿತು. 'ಪರೀಕ್ಷೆ' ಯಾಕೆ ಬೇಕು?

ನಿವೃತ್ತ ಮೇಷ್ಟ್ರು:

ಇದು ನಮಗೆ ಹಳೆಯದು ಕಣ್ರೀ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಒಂದು ಅಂಕದ ಪ್ರಶ್ನೆಗೆ ಕೀ ಉತ್ತರ ನೋಡಿ ಯಾರು ಬೇಕಾದರೂ ಅಂಕ ಹಾಕಬಹುದು. ಪ್ರಬಂಧಕ್ಕೆ ಮಾತ್ರ ಇಬ್ಬರು ಮೌಲ್ಯಮಾಪಕರು ಎರಡು ಥರ ಹಾಕುತ್ತಿದ್ದರು. ಆದ್ದರಿಂದ 'ಕಿರಿಯ ಮೌಲ್ಯಮಾಪಕ', 'ಹಿರಿಯ ಮೌಲ್ಯಮಾಪಕ' ಅನ್ನಿ. ಭತ್ಯೆಯೂ ಹಾಗೇ ಕೊಡುತ್ತಾರಾ?

ಕಟ್ಟೆಪುರಾಣ:

ಮೇಷ್ಟ್ರೇ, ಭತ್ಯೆ ಅನ್ನಿ, ಬಿಲ್ಲು ಅನ್ನಿ, ಅದರ ಲೆಕ್ಕವೇ ಇಲ್ಲಿ ಮುಖ್ಯ. ಆದರೆ ಹಿರಿಯ, ಕಿರಿಯ ಅಂದರೆ ತಪ್ಪು ದಾರಿ. ಮಾಡೆಲ್ಲಿನ ಗಾತ್ರ ವರ್ಷಕ್ಕೊಮ್ಮೆ ಬದಲಾಗುತ್ತದೆ. ಇಂದಿನ ದೊಡ್ಡದು ನಾಳೆ ಸಣ್ಣದು. ಹೆಸರು ಪ್ರಶ್ನೆಯ ಸ್ವಭಾವಕ್ಕೆ ಇಡಿ.

ಸುಳಿಗಾಳಿ ಮೇಡಂ, ನಿಮ್ಮ ಆರರಲ್ಲಿ ಎರಡಕ್ಕೆ ಮಾಡೆಲ್ಲೇ ಬೇಡ. ಉದ್ದವನ್ನು ಪ್ರೋಗ್ರಾಂ ಎಣಿಸುತ್ತದೆ. ಅಂಕಿಯೂ ಅಷ್ಟೇ, ೪೫ ಮತ್ತು 45 ಒಂದೇ ಅಂತ ಮೊದಲು ಹೇಳಿಕೊಟ್ಟರೆ ಸಾಕು. ಅಕ್ಷರ ಎಣಿಸುವುದರಲ್ಲಿ ಮಾಡೆಲ್‌ಗಳು ಆಗಾಗ ತಪ್ಪುತ್ತವೆ, ದುಡ್ಡು ಬೇರೆ ಕೊಡಬೇಕು.

ಅಳತೆ ನಿಜವಾಗಿ ಸಣ್ಣ ಮಾಡೆಲ್ಲಿನ ಕೆಲಸ. ಉತ್ತರಕ್ಕೆ ಆಧಾರವಾದ ಮೂಲದಲ್ಲಿ 'ಎಕರೆಗೆ 45 ಕೆಜಿ ಯೂರಿಯಾ' ಅಂತಿದೆ, ಅಂದರೆ ಒಂದು ಚೀಲ. ಬಾಟ್ 'ಹೆಕ್ಟೇರಿಗೆ 45 ಕೆಜಿ' ಅಂತ ಬರೆಯಿತು ಅನ್ನಿ. ಅಂಕಿ ಸರಿ, ಪ್ರೋಗ್ರಾಂ ಪಾಸ್ ಮಾಡುತ್ತದೆ. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ, ಬೆಳೆಗೆ ಸಿಗುವ ಗೊಬ್ಬರ ಅರ್ಧಕ್ಕಿಂತ ಕಡಿಮೆ. ಎಕರೆ, ಎಕ್ರೆ, ಎಕರೆಯೊಂದಕ್ಕೆ, ನಲವತ್ತು ಗುಂಟೆಗೆ, ಹೀಗೆ ನಾನಾ ರೀತಿ ಬರೆಯುತ್ತಾರಲ್ಲ, ಅದನ್ನೆಲ್ಲ ಪ್ರೋಗ್ರಾಂಗೆ ಕಲಿಸಿ ಮುಗಿಯಲ್ಲ. ಸಣ್ಣ ಮಾಡೆಲ್ಲಿಗೆ ಎರಡೂ ಸಾಲು ತೋರಿಸಿ 'ಅಳತೆ ಒಂದೇನಾ?' ಅಂತ ಒಂದೇ ಪ್ರಶ್ನೆ ಕೇಳಿ, ಹೌದು ಅಥವಾ ಅಲ್ಲ ಅಂತ ಮಾತ್ರ ಉತ್ತರ ತೆಗೆದುಕೊಳ್ಳಿ.

ಗೊಂದಲ ಇರುವುದು ಗೌರವದಲ್ಲಿ. ಅದು ಒಂದು ಅಂಶ ಅಲ್ಲ, ಎರಡು. 'ನೀವು, ಮಾಡಿ, ಹಾಕಿ' ಇದೆಯಾ, ಎಲ್ಲಾದರೂ 'ನೀನು, ಹಾಕು' ನುಸುಳಿದೆಯಾ ಅನ್ನುವುದು ಹೌದು-ಅಲ್ಲ. ಆದರೆ 'ಮೊದಲೇ ಹೇಳಿದ್ದೆವಲ್ಲ, ಮತ್ತೆ ಯಾಕೆ ಕೇಳುತ್ತೀರಿ?' ಅನ್ನುವ ಸಾಲು ನೋಡಿ. ಬಹುವಚನ ಸರಿಯಾಗಿದೆ, ಆದರೂ ಗದರಿದ ಹಾಗಿದೆ. ಸಣ್ಣದು 'ಗೌರವ ಇದೆ' ಅಂತ ಬಿಟ್ಟುಬಿಡುತ್ತದೆ. ಈ ಎರಡನೇ ಭಾಗವನ್ನು ಧಾಟಿಗೆ ಸೇರಿಸಿ ದೊಡ್ಡದಕ್ಕೆ ಕೊಡಿ.

ಪದಕ್ಕೆ ಬಂದರೆ: 'ಹೌದು-ಅಲ್ಲ ತಪಾಸಣೆ' ಮತ್ತು 'ವಿವೇಚನೆಯ ಅಂಶ'.

ಅಚ್ಚಗನ್ನಡ:

ವಿವೇಚನೆ ಸಂಸ್ಕೃತ. ತಪಾಸಣೆ ಮರಾಠಿ ಕಡೆಯಿಂದ ಬಂದದ್ದು. ಅಳವಿನ ಒರೆ, ಅನಿಸಿಕೆಯ ಒರೆ.

ಕಟ್ಟೆಪುರಾಣ:

ಅನಿಸಿಕೆ ಚೆನ್ನಾಗಿದೆ, ಒಪ್ಪಿದೆ. ಒರೆ ಬೇಡ. ಕೈಪಿಡಿ ಓದುವವರು ಕೃಷಿ ಪದವೀಧರರು, ಕತ್ತಿಯ ಒರೆ ಅಂದುಕೊಳ್ಳುತ್ತಾರೆ.

ಬಿಲ್ಲುಗಾರ:

ನಮ್ಮಲ್ಲಿ ಇನ್ನೂ ಸುಲಭ ಮಾಡಿದ್ದೇವೆ. ಎಲ್ಲವನ್ನೂ ಸಣ್ಣದಕ್ಕೇ ಕೊಡಿ, 'ನಿನಗೆ ಎಷ್ಟು ಖಾತ್ರಿ, ನೂರಕ್ಕೆ ಹೇಳು' ಅನ್ನಿ. ಎಂಬತ್ತಕ್ಕಿಂತ ಕಡಿಮೆ ಅಂದರೆ ಮಾತ್ರ ದೊಡ್ಡದಕ್ಕೆ. ಅಂಶಗಳನ್ನು ಹೀಗೆ ವಿಂಗಡಿಸುವ ತಲೆನೋವೇ ಇಲ್ಲ, ಪದವೂ ಬೇಡ.

ಕಟ್ಟೆಪುರಾಣ:

ಅನುಮಾನ ಇದ್ದದ್ದನ್ನು ಮೇಲಕ್ಕೆ ಕಳಿಸುವ ಯೋಚನೆ ಸರಿ. ಆದರೆ ಅದು ಹೇಳುವ ಖಾತ್ರಿ ನಂಬಬೇಡಿ. ತಪ್ಪು ಉತ್ತರಕ್ಕೂ ತೊಂಬತ್ತು ಅನ್ನುತ್ತದೆ. ಅದರ ಬದಲು ಅದೇ ಪ್ರಶ್ನೆಯನ್ನು ಮಾತು ಬದಲಿಸಿ ಇನ್ನೊಮ್ಮೆ ಕೇಳಿ. ಎರಡು ಸಲ ಎರಡು ಥರ ಹೇಳಿದರೆ ಮೇಲಕ್ಕೆ ಕಳಿಸಿ.

ಲೆಕ್ಕ ಹೇಳುತ್ತೇನೆ. ದರ ಒಂದೊಂದು ಕಡೆ ಒಂದೊಂದು, ಇಲ್ಲಿ ಸುಮ್ನೆ ಸಣ್ಣದಕ್ಕೆ ಸಲಕ್ಕೆ ಐದು ಪೈಸೆ, ದೊಡ್ಡದಕ್ಕೆ ಒಂದು ರೂಪಾಯಿ ಅಂತಿಟ್ಟುಕೊಳ್ಳಿ. 5,000 ಉತ್ತರ, ಆರು ಅಂಶ, ಎಲ್ಲ ದೊಡ್ಡದಕ್ಕೇ ಕೊಟ್ಟರೆ 30,000 ರೂಪಾಯಿ. ಉದ್ದ, ಅಂಕಿ ಪ್ರೋಗ್ರಾಂಗೆ ಹೋದರೆ ಖರ್ಚಿಲ್ಲ. ಅಳತೆ ಮತ್ತು ನೀವು-ರೂಪ ಸಣ್ಣದಕ್ಕೆ, 500 ರೂಪಾಯಿ. ಇಷ್ಟರಲ್ಲಿ ಸಾವಿರ ಉತ್ತರ ಬಿದ್ದವು ಅನ್ನಿ. ಅಳತೆಯೇ ತಪ್ಪಿದ ಉತ್ತರದ ಧಾಟಿ ನೋಡಿ ಏನು ಮಾಡುವುದು? ಉಳಿದ 4,000ಕ್ಕೆ ಎರಡು ಅಂಶ ದೊಡ್ಡದು ನೋಡಿದರೆ 8,000. ಒಟ್ಟು 8,500. ಉಳಿತಾಯ ಬರುವುದು ಸಣ್ಣದು ಅಗ್ಗ ಅಂತ ಮಾತ್ರ ಅಲ್ಲ, ಅದು ಮೊದಲು ನಿಂತು ಕೆಲವನ್ನು ಬಾಗಿಲಲ್ಲೇ ತಡೆಯುತ್ತದೆ ಅಂತಲೂ ಹೌದು.

ಆದರೆ ಬಾಗಿಲಲ್ಲಿ ತಪ್ಪಾಗಿ ತಡೆದರೆ ಯಾರಿಗೂ ಗೊತ್ತಾಗಲ್ಲ. ಒಂದೊಂದು ತಪಾಸಣೆ ನೂರು ಒಳ್ಳೆ ಉತ್ತರದಲ್ಲಿ ಮೂರನ್ನು ಸುಮ್ನೆ ಬೀಳಿಸುತ್ತದೆ ಅನ್ನಿ, ಎರಡು ಸೇರಿದರೆ ಸುಮಾರು ಆರು ಹೋಯಿತು. ತಪಾಸಣೆ ಹೆಚ್ಚಿದಷ್ಟೂ ಇದು ಬೆಳೆಯುತ್ತದೆ. ಹಾಗಾಗಿ ಬಿದ್ದ ಸಾವಿರವನ್ನು, ಬಿದ್ದ ಅಂಶಕ್ಕೆ ಮಾತ್ರ, ದೊಡ್ಡದಕ್ಕೆ ಒಮ್ಮೆ ತೋರಿಸಿ. ಇನ್ನೊಂದು ಸಾವಿರ ರೂಪಾಯಿ. ಗೆದ್ದು ಬಂದವುಗಳ ಧಾಟಿಯನ್ನೂ ನೋಡಿದರೆ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಆಗಲೂ ಮೂರನೇ ಒಂದು ಭಾಗ.

ಸುಳಿಗಾಳಿ:

ಕೈಪಿಡಿಯಲ್ಲಿ 'ಸಣ್ಣ ಮಾಡೆಲ್ 95% ಸರಿ' ಅಂತಿದೆ. ಅಷ್ಟು ಸಾಲದಾ?

ಕಟ್ಟೆಪುರಾಣ:

ಯಾವುದರಲ್ಲಿ 95? ನೂರರಲ್ಲಿ 95 ಉತ್ತರಕ್ಕೆ ಅಳತೆ ಸರಿಯಾಗೇ ಇದ್ದರೆ, ಕಣ್ಣುಮುಚ್ಚಿ 'ಸರಿ' ಅನ್ನುತ್ತಾ ಹೋದರೂ 95 ಬರುತ್ತದೆ. ಆ ಇನ್ನೂರು ಉತ್ತರಗಳನ್ನು ಕನ್ನಡ ಬಲ್ಲ ಇಬ್ಬರು ಕೈಯಾರೆ ನೋಡಲಿ. ನಿಜವಾಗಿ ತಪ್ಪಿದ್ದವುಗಳಲ್ಲಿ ಎಷ್ಟು ಹಿಡಿಯಿತು, ಸರಿಯಿದ್ದವುಗಳಲ್ಲಿ ಎಷ್ಟು ಬೀಳಿಸಿತು, ಎರಡನ್ನೂ ಬೇರೆ ಬೇರೆ ಬರೆಯಿರಿ. ತಪ್ಪಿನವು ಹತ್ತೇ ಸಿಕ್ಕರೆ ಬೇಕಂತಲೇ ಕೆಲವು ಉತ್ತರಗಳಲ್ಲಿ ಎಕರೆಯನ್ನು ಹೆಕ್ಟೇರ್ ಮಾಡಿ ಸೇರಿಸಿ.

ನಿವೃತ್ತ ಮೇಷ್ಟ್ರು:

ಧಾಟಿಯಲ್ಲಿ ಆ ಇಬ್ಬರಿಗೇ ಒಮ್ಮತ ಬರದಿದ್ದರೆ? ಧಾರವಾಡದವರಿಗೆ ಸಲೀಸು ಅನಿಸಿದ್ದು ಮೈಸೂರಿನವರಿಗೆ ಒರಟು.

ಕಟ್ಟೆಪುರಾಣ:

ಒಳ್ಳೆ ಪ್ರಶ್ನೆ ಮೇಷ್ಟ್ರೇ. ಆಗ ದೊಡ್ಡ ಮಾಡೆಲ್ಲಿಗೆ ದುಡ್ಡು ಸುರಿದರೂ ಪ್ರಯೋಜನ ಇಲ್ಲ. ಯಾವ ಸೀಮೆಯ ರೈತರಿಗೆ ಅಂತ ಮೊದಲು ತೀರ್ಮಾನಿಸಿ, ಆ ಕಡೆಯ ನಾಲ್ಕು ಉದಾಹರಣೆ ಕೊಡಬೇಕು. ಎರಡು ಸೀಮೆಗೂ ಒಂದೇ ಅಳತೆಗೋಲು ಆಗುತ್ತಾ ಅನ್ನುವುದರಲ್ಲಿ ನನಗೇ ಅನುಮಾನ ಇದೆ.

ಅಚ್ಚಗನ್ನಡ:

ಇಷ್ಟೆಲ್ಲ ಬರೆದಿರಿ, 'ಮಾಡೆಲ್' ಅನ್ನು ಹಾಗೇ ಬಿಟ್ಟಿರಿ. ಸೋಮಾರಿತನ.

ಬಿಲ್ಲುಗಾರ:

ಅರ್ಜಿ, ತಾರೀಖು ಅನ್ನುವಾಗ ಅರಬ್ಬಿಯವರು ಬಂದು ಕೇಳಿದರಾ ಸಾರ್? ಮಾಡೆಲ್ ಕೂಡ ಇರಲಿ ಬಿಡಿ.

ಅಚ್ಚಗನ್ನಡ:

ಅವು ಆಳುವವರು ಹೇರಿದ್ದು. ಇದನ್ನು ನೀವಾಗಿಯೇ ಹೊತ್ತುಕೊಳ್ಳುತ್ತಿದ್ದೀರಿ. ವ್ಯತ್ಯಾಸ ಇದೆ.

ಸುಳಿಗಾಳಿ:

'ಮಾಡೆಲ್' ಹಾಗೇ ಇಡುತ್ತಿದ್ದೇನೆ, 'ಮಾದರಿ' ಆ ಇನ್ನೂರಕ್ಕೆ ಮಾತ್ರ. 'ಹೌದು-ಅಲ್ಲ ತಪಾಸಣೆ', 'ಅನಿಸಿಕೆಯ ಅಂಶ' ಅಂತ ಹಾಕಿದೆ. ಗೌರವವನ್ನು ಎರಡು ಸಾಲಾಗಿ ಒಡೆಯಲು ಮೂಲ ಕೈಪಿಡಿ ಬರೆದವರ ಒಪ್ಪಿಗೆ ಬೇಕು, ಈಗಲೇ ಕೇಳುತ್ತೇನೆ.