ಡೀಡ್‌ನಲ್ಲಿ ವಿಸರ್ಜನೆ ಕಲಮು ಇಲ್ಲ ಅಂತ ಆದಾಯ ತೆರಿಗೆ ನೋಟಿಸ್ ಬಂದಿದೆ, ಈಗ ತಿದ್ದಬಹುದಾ?

ಭೀಮಾತೀರ, ಯಾದಗಿರಿ
ಬಡ ಮಕ್ಕಳ ಓದಿಗೆ ಅಂತ ನಮ್ಮ ಚಿಕ್ಕಪ್ಪ 11,000 ರೂಪಾಯಿ ಮೂಲಧನ ಇಟ್ಟು ಟ್ರಸ್ಟ್ ಮಾಡಿದರು. ಚಿಕ್ಕಪ್ಪ, ಚಿಕ್ಕಮ್ಮ, ನಾನು ಟ್ರಸ್ಟಿಗಳು. ಡೀಡ್ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಿದೆ. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿಯ 12ಎ, ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿಯ 80ಜಿ, ಎರಡೂ ತಾತ್ಕಾಲಿಕ ನೋಂದಣಿ ಸಲೀಸಾಗಿ ಸಿಕ್ಕವು. ಈಗ ಮುಂದಿನ ನೋಂದಣಿಗೆ ಅರ್ಜಿ ಹಾಕಿದರೆ, ಟ್ರಸ್ಟ್ ಮುಚ್ಚಿದರೆ ಆಸ್ತಿ ಯಾರಿಗೆ, 'ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ' ಅಂದರೆ ಯಾರಿಗೆ ಅಂತ ಕೇಳಿದ್ದಾರೆ. ಡೀಡ್‌ನಲ್ಲಿ ತಿದ್ದುಪಡಿ ಕಲಮೂ ಇಲ್ಲ.

ಶರಣು
ಅದಕ್ಕೇನು, ಟ್ರಸ್ಟ್ ಮಾಡಿದವರೇ ತಿದ್ದಬಹುದು. ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿ, ಸಾಕು.

ಬೀದರ್ ಹುಡುಗ
ನಾವೂ ಅಪ್ಪನ ಹೆಸರಲ್ಲಿ ಟ್ರಸ್ಟ್ ಮಾಡಿ ಊರಿನ ಮನೆ ಕೊಡಬೇಕು ಅಂತಿದ್ದೇವೆ. ನಡೆಯದಿದ್ದರೆ ಮನೆ ವಾಪಸ್ ನಮಗೇ ಬರೋ ಹಾಗೆ ಬರೆಸಬಹುದಲ್ವಾ?

ದಸ್ತಾವೇಜು, ಕಲಬುರಗಿ
ಶರಣು ಅವರೇ, ಪತ್ರ ಬರೆಸಬೇಕು ಅನ್ನೋದು ಸರಿ, ಆದರೆ ನೋಟರಿ ಸಾಲದು. ಮೂಲ ಡೀಡ್ ನೋಂದಣಿ ಆಗಿದೆ, ತಿದ್ದುಪಡಿ ಪತ್ರವೂ ನೋಂದಣಿ ಆಗಬೇಕು. ಇನ್ನೊಂದು, ಟ್ರಸ್ಟ್ ಆದ ಮೇಲೆ ಚಿಕ್ಕಪ್ಪ ಉಳಿದವರ ಹಾಗೆ ಒಬ್ಬ ಟ್ರಸ್ಟಿ ಅಷ್ಟೇ. ಡೀಡ್‌ನಲ್ಲಿ ಅಧಿಕಾರ ಇಟ್ಟುಕೊಳ್ಳದೆ ಒಬ್ಬರೇ ತಿದ್ದುವ ಹಾಗಿಲ್ಲ.

ಯಾದಗಿರಿಯವರಿಗೆ: ತಾತ್ಕಾಲಿಕ ನೋಂದಣಿ ಕೊಡುವಾಗ ಡೀಡನ್ನು ಆಳವಾಗಿ ನೋಡುವುದಿಲ್ಲ, ಅದಕ್ಕೇ ತಪ್ಪು ಈಗ ಸಿಕ್ಕಿದೆ. ಮೊದಲು ಪೋರ್ಟಲ್‌ನಲ್ಲಿ ಉತ್ತರಕ್ಕೆ ಸಮಯ ಕೇಳಿ, ಸುಮ್ಮನಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. ಮೂವರೂ ಸಭೆ ಮಾಡಿ ಠರಾವು ಬರೆಯಿರಿ. ಪತ್ರದಲ್ಲಿ ಹೀಗಿರಲಿ: "ಈ ಟ್ರಸ್ಟನ್ನು ಹಿಂಪಡೆಯುವಂತಿಲ್ಲ. ವಿಸರ್ಜನೆಯಾದರೆ ಉಳಿದ ಆಸ್ತಿ ಇದೇ ಉದ್ದೇಶದ ನೋಂದಾಯಿತ ಧರ್ಮಾರ್ಥ ಟ್ರಸ್ಟ್‌ಗೆ ಹೋಗತಕ್ಕದ್ದು. ಸ್ಥಾಪಕರಿಗಾಗಲಿ ಟ್ರಸ್ಟಿಗಳಿಗಾಗಲಿ ಸೇರತಕ್ಕದ್ದಲ್ಲ." ಇದು ಟ್ರಸ್ಟಿಗಳ ಕೈ ಕಟ್ಟುವ ಮಾತು. ಹಾಗಾಗಿ ಇದಕ್ಕೆ ತಕರಾರು ಕಡಿಮೆ.

ಬೀದರಿನವರೇ, ನೀವು ಕೇಳಿದ ಕಲಮು ಹಾಕಿದರೆ ಇದೇ ನೋಟಿಸ್ ನಿಮಗೂ ಬರುತ್ತದೆ. ಮನೆ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಬಾಡಿಗೆ ಇಲ್ಲದೆ ಬಳಸಲು ಕೊಡಿ.

ಭೀಮಾತೀರ
'ನಮ್ಮ ಸಮಾಜ' ಅನ್ನೋದನ್ನೂ ಅದೇ ಪತ್ರದಲ್ಲಿ ತೆಗೆಯಬಹುದಾ ಸರ್? ಚಿಕ್ಕಪ್ಪ ಒಪ್ಪಿದ್ದಾರೆ.

ದಸ್ತಾವೇಜು, ಕಲಬುರಗಿ
ಅದೇ ಕಷ್ಟದ್ದು. ಒಂದೇ ಜಾತಿಗೆ ಸೀಮಿತ ಅಂತಾದರೆ 80ಜಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗೆ ಅಂದರೆ ಜಾತಿಯ ಈ ಅಡ್ಡಿ ಬರುವುದಿಲ್ಲ. ಆದರೆ ಫಲಾನುಭವಿಗಳನ್ನು ಬದಲಿಸುವುದು ಅಂದರೆ ಉದ್ದೇಶವನ್ನೇ ಮುಟ್ಟಿದ ಹಾಗೆ. ಅಧಿಕಾರ ಇಲ್ಲದೆ ಟ್ರಸ್ಟಿಗಳು ಮಾಡಿದರೆ ಅಧಿಕಾರಿ ಒಪ್ಪದೇ ಇರಬಹುದು. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿಗೆ ಹೋಗಬೇಕಾಗುತ್ತದೆ.

ಶರಣು
11,000 ರೂಪಾಯಿಗೆ ಕೋರ್ಟು ಯಾಕೆ? ಸರಿಯಾದ ಡೀಡ್‌ನಲ್ಲಿ ಹೊಸ ಟ್ರಸ್ಟ್ ಮಾಡಿದರಾಯ್ತು.

ದಸ್ತಾವೇಜು, ಕಲಬುರಗಿ
ಈ ಮಾತು ಸರಿ. ಆದರೆ ಹಳೆಯ ಟ್ರಸ್ಟ್‌ಗೆ ಇಲ್ಲಿಯತನಕ ದೇಣಿಗೆ ಎಷ್ಟು ಬಂದಿದೆ ಅನ್ನೋದು ಗೊತ್ತಾಗಬೇಕು. ಆ ಹಣವನ್ನು ಹಾಗೇ ಎತ್ತಿ ಹೊಸದಕ್ಕೆ ಹಾಕುವಂತಿಲ್ಲ.

ಭೀಮಾತೀರ
ಪಾಸ್‌ಬುಕ್ ಚಿಕ್ಕಮ್ಮನ ಹತ್ತಿರ ಇದೆ. ನೋಡಿ ಇಲ್ಲೇ ಹಾಕುತ್ತೇನೆ. ಸಮಯ ಕೇಳಿ ಪೋರ್ಟಲ್‌ನಲ್ಲಿ ಈಗಲೇ ಬರೆಯುತ್ತಿದ್ದೇನೆ.