ಪದ ಬೇಕು: "ವಾರಸುದಾರರಿಗೆ ಮಾಸಿಕ ಪರಿಹಾರ" ಸರಿನಾ? (ಇವತ್ತೇ ಬೇಕು)

ವಿದ್ಯಾ:
ಪೀಣ್ಯದ ಒಂದು ಕಾರ್ಖಾನೆಯ ಗೋಡೆಗೆ ಬೋರ್ಡು ಬರೆಸುತ್ತಿದ್ದಾರೆ, ಅನುವಾದ ನನ್ನದು. ಕೆಲಸದಲ್ಲಿ ಅಪಘಾತವಾಗಿ ಕಾರ್ಮಿಕ ತೀರಿಕೊಂಡರೆ ಮನೆಯವರಿಗೆ ಇಎಸ್‌ಐನಿಂದ ತಿಂಗಳು ತಿಂಗಳು ಬರುವ ಹಣದ ಬಗ್ಗೆ. "ಮೃತರ ವಾರಸುದಾರರಿಗೆ ಮಾಸಿಕ ಪರಿಹಾರ" ಅಂತ ಹಾಕಿದ್ದೇನೆ. ಸಂಜೆ ಐದಕ್ಕೆ ಪೇಂಟರ್ ಬರುತ್ತಾನೆ.

ರಾಘವೇಂದ್ರ:
ವಾರಸು ಅರಬ್ಬಿ, ದಾರ ಪಾರಸಿ, ಮೃತ, ಮಾಸಿಕ, ಪರಿಹಾರ ಮೂರೂ ಸಂಸ್ಕೃತ. ಕನ್ನಡ ಅಂತ ಉಳಿದಿದ್ದು ಬರೀ "ಗೆ"! "ನೆಮ್ಮಿದವರಿಗೆ ತಿಂಗಳ ನೆರವು" ಅನ್ನಿ.

ಮಂಜುನಾಥ:
ಇದಕ್ಕೆ ಪದ ಆಗಲೇ ಇದೆ. ಕುಟುಂಬ ಪಿಂಚಣಿ. ನಮ್ಮ ಚಿಕ್ಕಪ್ಪ ಹೃದಯಾಘಾತದಲ್ಲಿ ಹೋದ ಮೇಲೆ ಚಿಕ್ಕಮ್ಮನಿಗೆ ಅದೇ ಬರುತ್ತಿದೆ.

ನಾಗರತ್ನ:
ಮಂಜುನಾಥ್, ನಿಮ್ಮ ಚಿಕ್ಕಮ್ಮನದು ಪಿಎಫ್ ಕಡೆಯದು. ಅಲ್ಲಿ ಸಾವು ಹೇಗೆ ಬಂತು ಅಂತ ಕೇಳುವುದಿಲ್ಲ. ಇಲ್ಲಿ ಅದೇ ಮೊದಲ ಪ್ರಶ್ನೆ.

ವಿದ್ಯಾ, ನಿಮ್ಮ ಎರಡು ಪದಗಳೂ ಜನರನ್ನು ದಾರಿ ತಪ್ಪಿಸುತ್ತವೆ. ನಾನು ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಇದೇ ಕಾಗದಪತ್ರ ನೋಡಿದವಳು. ಯಾರೋ "ವಾರಸುದಾರರ ಸರ್ಟಿಫಿಕೇಟ್ ತನ್ನಿ" ಅಂದರೆಂದು ಒಬ್ಬ ಹೆಂಗಸು ಮೂರು ತಿಂಗಳು ಕೋರ್ಟಿಗೆ ಅಲೆದಿದ್ದರು. ಅದು ಬೇಕೇ ಇರಲಿಲ್ಲ. ಇದು ಆಸ್ತಿ ಅಲ್ಲ, "ಅವಲಂಬಿತರು" ಅನ್ನಿ. ಸತ್ತವನು ನಾಮಿನಿ ಅಂತ ತಮ್ಮನ ಹೆಸರು ಬರೆದಿದ್ದರೂ ಹಣ ತಮ್ಮನಿಗೆ ಹೋಗುವುದಿಲ್ಲ. ಹೆಂಡತಿ, 25 ತುಂಬದ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ, ಇವರು ಮೊದಲ ಸಾಲು. ಇವರ್ಯಾರೂ ಇಲ್ಲದಿದ್ದರೆ ಮಾತ್ರ ಮಗನ ದುಡಿಮೆಯಲ್ಲಿ ಬದುಕುತ್ತಿದ್ದ ತಂದೆ ತಾಯಿ ಮತ್ತಿತರರ ಸರದಿ.

"ಪರಿಹಾರ" ಅಂದರೆ ಜನ ಗಂಟು ಹಣ ಅಂದುಕೊಳ್ಳುತ್ತಾರೆ. ಅದು 1923ರ ಹಳೆಯ ಪರಿಹಾರ ಕಾಯ್ದೆಯಿಂದ ಬಂದ ಮಾತು. ಇಎಸ್‌ಐ ಇದ್ದವರಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ, ಇಎಸ್‌ಐ ಹಣ ಮಾತ್ರ.

ವಿದ್ಯಾ:
ಹಾಗಾದರೆ ಹೆಂಡತಿಗೆ ಎಷ್ಟು ಅಂತಲೂ ಬೋರ್ಡಿನಲ್ಲಿ ಹಾಕಬಹುದಾ?

ನಾಗರತ್ನ:
ಒಂದೇ ಅಂಕಿ ಹಾಕಬೇಡಿ, ಮನೆಯಿಂದ ಮನೆಗೆ ಬದಲಾಗುತ್ತದೆ. ಸರಾಸರಿ ದಿನಗೂಲಿ 600 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಶೇಕಡ 90, ಅಂದರೆ 540 ಪೂರ್ತಿ ದರ. ಹೆಂಡತಿಗೆ ಅದರ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಎರಡು, ವಿಧವೆ ತಾಯಿಗೆ ಎರಡು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದರೆ ಐದಕ್ಕೆ ಒಂಬತ್ತು ಪಾಲಾಯಿತು, ಅಲ್ವಾ? ಆಗ ಎಲ್ಲರ ಪಾಲೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಹೆಂಡತಿಗೆ ದಿನಕ್ಕೆ 180, ಉಳಿದ ಮೂವರಿಗೆ ತಲಾ 120. ಮೂವತ್ತು ದಿನದ ತಿಂಗಳಿಗೆ ಎಲ್ಲ ಸೇರಿ 16,200. ಮಗಳ ಮದುವೆಯಾದರೆ ಅವಳ ಪಾಲು ನಿಲ್ಲುತ್ತದೆ, ಉಳಿದವರದು ಮತ್ತೆ ಲೆಕ್ಕ ಹಾಕಿ ಏರಿಸುತ್ತಾರೆ. ಹೆಂಡತಿ ಮರುಮದುವೆಯಾದರೆ ಅವಳದೂ ನಿಲ್ಲುತ್ತದೆ.

ಸುರೇಶ:
ನನ್ನ ಭಾವ ಬೈಕಿನಲ್ಲಿ ಡ್ಯೂಟಿಗೆ ಹೋಗುವಾಗ ಲಾರಿ ಹೊಡೆದು ತೀರಿಕೊಂಡರು. ಗೇಟಿನ ಆಚೆ ಆಗಿದ್ದು, ನಮಗೆ ಸಂಬಂಧವಿಲ್ಲ ಅಂತ ಕಂಪನಿಯವರು ಕೈ ತೊಳೆದುಕೊಂಡರು. ಅದು "ಕೆಲಸದ ಅಪಘಾತ" ಅಲ್ವಾ?

ನಾಗರತ್ನ:
2010ರ ತಿದ್ದುಪಡಿ ಆದ ಮೇಲೆ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಸೇರುತ್ತದೆ. ಆದರೆ ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ಹೊಂದಬೇಕು. ಎಂಟರ ಶಿಫ್ಟಿಗೆ ಏಳೂವರೆಗೆ ಮಾಮೂಲಿ ದಾರಿಯಲ್ಲಿ ಹೊರಟಿದ್ದರೆ ಒಂದು ಮಾತು, ನಡುವೆ ನೆಂಟರ ಮನೆ ಕಡೆ ತಿರುಗಿದ್ದರೆ ಬೇರೆ ಮಾತು. ಎಫ್‌ಐಆರ್‌ನಲ್ಲಿ ಬರೆದ ಹೊತ್ತು, ಹಾಜರಿ ಪುಸ್ತಕ ಎರಡನ್ನೂ ಜೋಡಿಸಿ ಇಎಸ್‌ಐ ಶಾಖಾ ಕಚೇರಿಗೇ ಕೊಡಿ. ಒಪ್ಪುವುದೋ ಬಿಡುವುದೋ ಕಂಪನಿ ಕೈಯಲ್ಲಿಲ್ಲ.

ರಾಘವೇಂದ್ರ:
ಪದ ಎಲ್ಲಿ ಹೋಯಿತು? ಇದು ಪದಚರ್ಚೆಯೋ ಕಾರ್ಮಿಕ ಇಲಾಖೆಯೋ?

ಶಾಂತಲಾ:
ಪದಕ್ಕೇ ಬರೋಣ. "ಅವಲಂಬಿತ"ದ ಧಾತು ಲಂಬ್, ನೇತಾಡು. ಹೆಂಡತಿ ಮಕ್ಕಳನ್ನು ನೇತುಬಿದ್ದವರು ಅನ್ನುವುದು ನನಗೆ ಹಿಡಿಸದು. "ಮಾಸಾಶನ" ಅನ್ನಿ. ಅಶನ ಅಂದರೆ ಊಟ. ತಿಂಗಳ ಅನ್ನ! ಎಷ್ಟು ಚೆನ್ನಾಗಿದೆ.

ರಾಘವೇಂದ್ರ:
ನೆಮ್ಮು ಅಂದರೆ ಒರಗುವುದು, ನೇತಾಡುವುದಲ್ಲ. ಸಂಸ್ಕೃತದ ಅನ್ನ ನಿಮಗೇ ಇರಲಿ.

ನಾಗರತ್ನ:
"ಮಾಸಾಶನ" ಬೇಡ. ಸರ್ಕಾರ ಕಲಾವಿದರಿಗೆ ಕೊಡುವ ಹಣಕ್ಕೆ ಆ ಹೆಸರಿದೆ. ಇದು ದಯೆಯಿಂದ ಕೊಡುವುದಲ್ಲ, ವಿಮೆ. "ನೆರವು" ಬೇಡ ಅನ್ನುವುದೂ ಅದಕ್ಕೇ. ಇನ್ನು "ನೆಮ್ಮಿದವರು" ಅಂದರೆ ಲೇತ್ ಮೇಲೆ ನಿಂತವನಿಗೆ ನೆಮ್ಮದಿ ನೆನಪಾಗುತ್ತದೆ ಅಷ್ಟೆ. ಫಾರಂ ಕೇಳಲು ಹೋದಾಗ ಕೌಂಟರಿನಲ್ಲಿ ಅರ್ಥವಾಗುವುದು "ಅವಲಂಬಿತರು".

ರಾಘವೇಂದ್ರ:
ಕೌಂಟರಿಗೆ ಕನ್ನಡ ಕಲಿಸುವುದು ಬಿಟ್ಟು ನಾವೇ ಬಗ್ಗಬೇಕೇನು? ನಮಸ್ಕಾರ.

ವಿದ್ಯಾ:
ನಾಲ್ಕೂ ಮುಕ್ಕಾಲು ಆಯಿತು. "ಕೆಲಸದ ಅಪಘಾತದಲ್ಲಿ ತೀರಿಕೊಂಡವರ ಅವಲಂಬಿತರಿಗೆ ಇಎಸ್‌ಐನಿಂದ ತಿಂಗಳ ಹಣ" ಅಂತ ಕೊಟ್ಟೆ. ಕೆಳಗೆ ಸಣ್ಣದಾಗಿ "ಹೆಂಡತಿ, ಮಕ್ಕಳು, ವಿಧವೆ ತಾಯಿ" ಸೇರಿಸಿದ್ದೇನೆ. "ಮಕ್ಕಳು" ಅಂದರೆ ಎಷ್ಟು ವರ್ಷದವರೆಗೆ ಅಂತ ಈಗ ಪೇಂಟರ್ ಕೇಳುತ್ತಿದ್ದಾನೆ. ಅವನಿಗೊಬ್ಬ 24ರ ಮಗ ಇದ್ದಾನಂತೆ.